ನೆಲ ಬಿಟ್ಟು ಬರದ ಶಿಲ್ಪಗಳು

ಶಿಲ್ಪಿ ರಾಮ್‌ಕಿಂಕರ್ ಬೈಜ್ ಅವರ ಅತ್ಯುತ್ತಮ ಕೃತಿಗಳು ಈ ಪ್ರದರ್ಶನದಲ್ಲಿಲ್ಲ. ‘ಸುಜಾತಾ’, ‘ಸಂತಾಲ ಕುಟುಂಬ’, ‘ಗಿರಣಿಯ ಕರೆ’ ಇವೆಲ್ಲ ಶಾಂತಿನಿಕೇತನದ ಬಯಲಿನಲ್ಲೇ ಬೇರೂರಿ ನಿಂತಿವೆ. ಕಿತ್ತು ತರುವ ಶಿಲ್ಪಗಳಲ್ಲ ಅವು. ನಾವು ತಂದಿರುವುದು ಜಲವರ್ಣ, ರೇಖಾಚಿತ್ರ, ಸಣ್ಣ ಮಾದರಿಗಳು, ತಲೆಗಳು, ಜೊತೆಗೆ ಆ ದೊಡ್ಡ ಶಿಲ್ಪಗಳ ಛಾಯಾಚಿತ್ರಗಳು. ಈ ಕೊರತೆಯಿಂದಲೇ ಮಾತು ಶುರುಮಾಡುವುದು ಸರಿ ಅನ್ನಿಸಿತು.

ಬೈಜ್ ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುರಾದಲ್ಲಿ. ಕ್ಷೌರಿಕರ ಬಡ ಮನೆತನ. ಹುಡುಗನಿದ್ದಾಗಲೇ ಮೂರ್ತಿ ಮಾಡುವವರ ಪಕ್ಕ ಕೂತು ಜೇಡಿಮಣ್ಣಿನ ಹದ ಕಲಿತರು, ನಾಟಕದ ಪರದೆ ಬರೆದರು. ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿಯವರ ಕಣ್ಣಿಗೆ ಬಿದ್ದು 1925ರಲ್ಲಿ ಶಾಂತಿನಿಕೇತನಕ್ಕೆ ಬಂದರು. ಅಲ್ಲಿ ಚಿತ್ರಕಾರ ನಂದಲಾಲ್ ಬೋಸ್ ಗುರುಗಳಾಗಿ ಸಿಕ್ಕರು. ಆಮೇಲೆ ಬದುಕೆಲ್ಲ ಹೆಚ್ಚುಕಡಿಮೆ ಅಲ್ಲೇ ಕಳೆಯಿತು.

ಕಂಚು ಕೈಗೆಟುಕುತ್ತಿರಲಿಲ್ಲ. ಅವರು ಕಬ್ಬಿಣದ ಸರಳುಗಳ ಹಂದರ ಕಟ್ಟಿ, ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ, ಮುಷ್ಟಿ ಮುಷ್ಟಿಯಾಗಿ ಹಂದರಕ್ಕೆ ಎರಚಿದರು. ಗಟ್ಟಿಯಾಗುವ ಮುನ್ನ ಕೈ ಓಡಬೇಕು. ಆ ಅವಸರ ಇವತ್ತಿಗೂ ಮೈಮೇಲೆ ಕಾಣುತ್ತದೆ. ಬಡತನಕ್ಕೆ ಒಗ್ಗಿಕೊಂಡ ಉಪಾಯವೆಂದು ಇದನ್ನು ಹೇಳುವವರಿದ್ದಾರೆ. ನನಗದು ಅರ್ಧ ಸತ್ಯವಷ್ಟೇ. ಕಂಚಿನ ನುಣುಪು ಸಿಕ್ಕಿದ್ದರೂ ಆ ದೇಹಗಳಿಗೆ ಅದು ಹೊಂದುತ್ತಿರಲಿಲ್ಲ.

1938ರ ‘ಸಂತಾಲ ಕುಟುಂಬ’ವನ್ನೇ ನೋಡಿ. ಗಂಡನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು. ಪಕ್ಕದಲ್ಲಿ ಹೆಂಡತಿ, ಜೊತೆಗೊಂದು ನಾಯಿ. ಮನೆಮಠವನ್ನೇ ಹೊತ್ತು ಹೊರಟ, ಸಂತಾಲ ಬುಡಕಟ್ಟಿನ ಕೂಲಿ ಸಂಸಾರ. ಚರ್ಮದ ಜಾಗದಲ್ಲಿ ಹರಳುಗಳು ಎದ್ದಿವೆ, ನೆರಳು ಸಣ್ಣ ಸಣ್ಣ ಗುಳಿಗಳಲ್ಲಿ ನಿಲ್ಲುತ್ತದೆ. ರಾಜರಿಗೆ, ದೇವರಿಗೆ ಮೀಸಲಾಗಿದ್ದ ಆಳೆತ್ತರ ಮೀರಿದ ಗಾತ್ರವನ್ನು ಬೈಜ್ ಇವರಿಗೆ ಕೊಟ್ಟರು. ಆದರೆ ಎತ್ತರದ ಗದ್ದುಗೆ ಕೊಡಲಿಲ್ಲ. ಅವರು ನಮ್ಮ ನೆಲದ ಮೇಲೇ, ನಮ್ಮ ಪಕ್ಕದಲ್ಲೇ ನಡೆಯುತ್ತಾರೆ. ಭಾರತದ ಆಧುನಿಕ ಶಿಲ್ಪಕಲೆ ಇಲ್ಲಿಂದ ಶುರುವಾಯಿತು ಎಂದು ನಾನು ನಂಬಿದ್ದೇನೆ.

1956ರ ‘ಗಿರಣಿಯ ಕರೆ’ಯಲ್ಲಿ ಆ ನಡಿಗೆ ಓಟವಾಗಿದೆ. ಸೈರನ್ ಕೂಗಿದೆ, ಹೆಂಗಸರು ಹಾರುವ ಬಟ್ಟೆಯಲ್ಲೇ ಧಾವಿಸುತ್ತಿದ್ದಾರೆ. ದೆಹಲಿಯ ರಿಸರ್ವ್ ಬ್ಯಾಂಕಿನ ಮುಂದಿನ ಕಲ್ಲಿನ ಯಕ್ಷ-ಯಕ್ಷಿಯರು 1967ರ ಹೊತ್ತಿಗೆ ಮುಗಿದವು. ಪ್ರಸಿದ್ಧಿ ದೊಡ್ಡದು, ಆದರೆ ಅವರ ಕೈಯ ಅವಸರ ಅಲ್ಲಿ ನನಗೆ ಸಿಗುವುದಿಲ್ಲ.

1970ರಲ್ಲಿ ಪದ್ಮಭೂಷಣ ಬಂತು, 1980ರಲ್ಲಿ ಅವರು ತೀರಿಕೊಂಡರು.

ಮೊದಲ ಕೋಣೆಯಲ್ಲಿ 1938ರ ರವೀಂದ್ರರ ತಲೆಯಿದೆ. ಹೋಲಿಕೆ ಹುಡುಕಬೇಡಿ, ಮುಖ ಒಡೆದು, ಸಮತಲಗಳಾಗಿ ಮತ್ತೆ ಕೂಡಿಕೊಂಡಿದೆ. ಅದೇ ವರ್ಷ ಹೊರಗೆ ಬಯಲಿನಲ್ಲಿ ಸಂತಾಲರು ನಡೆಯುತ್ತಿದ್ದರು. ಎರಡೂ ಒಂದೇ ಕೈಯವು. ಕೊನೆಯ ಗೋಡೆಯ ಮೇಲೆ ಆ ಕುಟುಂಬದ ಛಾಯಾಚಿತ್ರವನ್ನು ನೆಲಕ್ಕೆ ತಾಗಿಸಿಯೇ ಹಾಕಿದ್ದೇವೆ. ಹತ್ತಿರ ಹೋಗಿ, ಪಾದಗಳನ್ನು ನೋಡಿ.