ಕುಡಿಯುವ ನೀರಿನ ಫಲಾನುಭವಿ ಸಮಿತಿಯ ಸಭಾ ನಡಾವಳಿ

ಮಂಜೇಶ್ವರ ತಾಲೂಕು, 15-06-2024, ಶನಿವಾರ, ಬೆಳಿಗ್ಗೆ 10.30.

ಸಮಿತಿಯ ಅಧ್ಯಕ್ಷರು ಕನ್ನಡದಲ್ಲಿಯೂ ಸಹಾಯಕ ಇಂಜಿನಿಯರ್ ಮಲಯಾಳದಲ್ಲಿಯೂ ಮಾತನಾಡಿದರು. ಇಬ್ಬರು ಸದಸ್ಯೆಯರು ತುಳುವಿನಲ್ಲಿ ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಉಭಯ ಭಾಷೆಗಳಿಗೆ ಅನುವಾದಿಸಲು ನಿವೃತ್ತ ಅಧ್ಯಾಪಕರೊಬ್ಬರನ್ನು ಸಭೆಯು ಒಮ್ಮತದಿಂದ ದುಭಾಷಿಯಾಗಿ ಒಪ್ಪಿಕೊಂಡಿತು. ಅನುವಾದಗೊಂಡ ಹೇಳಿಕೆಗಳನ್ನು ಮೂಲ ಭಾಷಿಕರ ಹೇಳಿಕೆಯೆಂದೇ, ‘ಮಲಯಾಳದಿಂದ’ ಅಥವಾ ‘ತುಳುವಿನಿಂದ’ ಎಂಬ ಸೂಚನೆಯೊಡನೆ ದಾಖಲಿಸಲಾಗಿದೆ. ದುಭಾಷಿಯ ಸ್ವಂತ ವಿವರಣೆಯನ್ನು ‘ದುಭಾಷಿ’ ಎಂದು ಪ್ರತ್ಯೇಕವಾಗಿ ಬರೆಯಲಾಗಿದೆ.

ಸಹಾಯಕ ಇಂಜಿನಿಯರ್ (ಮಲಯಾಳದಿಂದ): ಬಿಟ್ಟುಹೋದ 14 ಮನೆಗಳಿಗೆ ಅರ್ಜಿ ಸಲ್ಲಿಸಲು ಇನ್ನೊಂದು ಅವಕಾಶ ನೀಡಲಾಗುವುದು.

ಈ ಹೇಳಿಕೆಯಲ್ಲಿದ್ದ ‘ಅವಸರಂ’ ಎಂಬ ಮಾತನ್ನು ಕೆಲವು ಸದಸ್ಯರು ಕನ್ನಡದ ‘ಅವಸರ’ವೆಂದೇ ಕೇಳಿಸಿಕೊಂಡು, ತಮ್ಮನ್ನು ತುರ್ತುಪಡಿಸಲಾಗುತ್ತಿದೆ ಎಂದು ಆಕ್ಷೇಪಿಸಿದರು.

ದುಭಾಷಿ: ಮಲಯಾಳದಲ್ಲಿ ಅದರ ಅರ್ಥ ಅವಕಾಶ, ಆತುರವಲ್ಲ.

ಇಂಜಿನಿಯರ್ ಇದನ್ನು ದೃಢೀಕರಿಸಿದ ಬಳಿಕ ಆಕ್ಷೇಪವನ್ನು ಹಿಂಪಡೆಯಲಾಯಿತು. ಆಕ್ಷೇಪವು ಅಪಾರ್ಥದಿಂದ ಹುಟ್ಟಿದ್ದಾದರೂ, ಮುಂದೆ ಇದೇ ಪದ ಮತ್ತೆ ಬರುವುದು ಖಚಿತವಾದುದರಿಂದ ಅದನ್ನು ಕೈಬಿಡದೆ ಇಲ್ಲಿ ನಮೂದಿಸಲಾಗಿದೆ.

ಸದಸ್ಯೆ (ತುಳುವಿನಿಂದ): ಗುಡ್ಡೆಯ ಮೇಲಿನ ಮನೆಗಳಿಗೆ ಸಂಜೆ ನೀರು ಏರುವುದಿಲ್ಲ.

ತೀರ್ಮಾನ: ಅರ್ಜಿಗಳನ್ನು ಜೂನ್ 29ರೊಳಗೆ ಸ್ವೀಕರಿಸುವುದು, ಗುಡ್ಡೆಯ ಕೊಳವೆಯ ಒತ್ತಡವನ್ನು ಪರಿಶೀಲಿಸುವುದು. ಕನ್ನಡ ಪ್ರತಿಯನ್ನು ಓದಿ, ಮಲಯಾಳದಲ್ಲಿ ವಿವರಿಸಿದ ನಂತರ ಅಧ್ಯಕ್ಷರು, ಇಂಜಿನಿಯರ್ ಹಾಗೂ ದುಭಾಷಿ ಸಹಿ ಮಾಡಿದರು.