ಸಾವಿಗೂ ಫಲಕ್ಕೂ ನಡುವೆ: ಆತ್ಮದ ಗತಿಯ ಕುರಿತು ಒಂದು ತೌಲನಿಕ ಪ್ರಬಂಧ

ಧರ್ಮಗಳನ್ನು ಹೋಲಿಸುವಾಗ ಆತ್ಮವಿದೆಯೇ ಇಲ್ಲವೇ ಎಂಬ ಪ್ರಶ್ನೆಯಿಂದ ಹೊರಡುವುದು ರೂಢಿ. ಹಾಗೆ ಹೊರಟರೆ ವೇದಾಂತಿಗಳು, ಜೈನರು, ಕ್ರೈಸ್ತರು, ಮುಸ್ಲಿಮರು ಒಂದು ಸಾಲಿನಲ್ಲಿಯೂ ಬೌದ್ಧರು ಮತ್ತು ಚಾರ್ವಾಕರು ಇನ್ನೊಂದು ಸಾಲಿನಲ್ಲಿಯೂ ನಿಲ್ಲುತ್ತಾರೆ. ಪುನರ್ಜನ್ಮವನ್ನೂ ಕರ್ಮಫಲವನ್ನೂ ಒಪ್ಪುವ ಬೌದ್ಧರನ್ನು, ಎರಡನ್ನೂ ನಗೆಯಾಡಿದ ಚಾರ್ವಾಕರ ಪಕ್ಕದಲ್ಲಿ ಕೂರಿಸುವ ವರ್ಗೀಕರಣ ಹೆಚ್ಚಿನದೇನನ್ನೂ ತಿಳಿಸಲಾರದು. ಆದ್ದರಿಂದ ಈ ಪ್ರಬಂಧ ಬೇರೊಂದು ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತದೆ: ಸಾವಿಗೂ ಅದರ ನಂತರದ ಗತಿಗೂ ನಡುವೆ ಪ್ರತಿಯೊಂದು ಪರಂಪರೆ ಎಷ್ಟು ಕಾಲವನ್ನು ಬಿಡುತ್ತದೆ, ಆ ಕಾಲದಲ್ಲಿ ಯಾರು ಏನು ಮಾಡಬಲ್ಲರು? ಬದುಕಿರುವವರಿಗೆ ಸತ್ತವರ ವಿಷಯದಲ್ಲಿ ಕೆಲಸವಿದೆಯೇ ಇಲ್ಲವೇ ಎಂಬುದನ್ನು ಆತ್ಮದ ಲಕ್ಷಣಕ್ಕಿಂತ ಈ ಅವಧಿಯೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯನು ಹುಲ್ಲಿನ ತುದಿ ಮುಟ್ಟಿದ ಹುಳು ಇನ್ನೊಂದು ಆಸರೆಯನ್ನು ಹಿಡಿದುಕೊಂಡು ತನ್ನನ್ನು ಅತ್ತ ಎಳೆದುಕೊಳ್ಳುವಂತೆ ಆತ್ಮವು ಒಂದು ದೇಹದಿಂದ ಇನ್ನೊಂದಕ್ಕೆ ಸಾಗುತ್ತದೆ ಎನ್ನುತ್ತಾನೆ. ಈ ದೃಷ್ಟಾಂತವನ್ನು ಅಕ್ಷರಶಃ ತೆಗೆದುಕೊಂಡರೆ ನಡುವೆ ಬಿಡುವೇ ಇಲ್ಲ. ಹಿಂದಿನದನ್ನು ಬಿಡುವ ಮೊದಲೇ ಮುಂದಿನದು ಕೈಗೆ ಸಿಕ್ಕಿರುತ್ತದೆ. ಛಾಂದೋಗ್ಯದಲ್ಲಿ ಪ್ರವಾಹಣ ಜೈವಲಿ ವಿವರಿಸುವ ದೇವಯಾನ, ಪಿತೃಯಾನಗಳು ಮಾತ್ರ ದೀರ್ಘ ಪಯಣಗಳು: ಪಿತೃಯಾನದಲ್ಲಿ ಹೋದವನು ಚಂದ್ರಲೋಕದಲ್ಲಿ ಪುಣ್ಯ ತೀರುವವರೆಗೆ ಇದ್ದು, ಮಳೆಯಾಗಿ ಇಳಿದು, ಧಾನ್ಯವಾಗಿ, ಅನ್ನವಾಗಿ ಮತ್ತೆ ಗರ್ಭ ಸೇರುತ್ತಾನೆ. ಆಚರಣೆ ನಿಂತಿರುವುದು ಮೂರನೆಯ ಲೆಕ್ಕದ ಮೇಲೆ. ಮೊದಲ ಹತ್ತು ದಿನಗಳ ಪಿಂಡಗಳಿಂದ ಪ್ರೇತಕ್ಕೆ ಅಂಗಾಂಗಗಳುಳ್ಳ ಶರೀರ ಕೂಡಿಬರುತ್ತದೆ. ಸಪಿಂಡೀಕರಣದಿಂದ ಅದು ಪಿತೃಗಳ ಸಾಲಿಗೆ ಸೇರುತ್ತದೆ. ಹನ್ನೆರಡನೆಯ ದಿನ ಸಪಿಂಡಿ ಮಾಡಿ, ವರ್ಷಾಂತ್ಯಕ್ಕೆ ಆಬ್ದಿಕ ಮಾಡುವ ಮನೆಯವರು ಸತ್ತವನು ಆಗಲೇ ಎಲ್ಲೋ ಹುಟ್ಟಿರಬಹುದಲ್ಲ ಎಂದು ಕೇಳಿಕೊಳ್ಳುವುದಿಲ್ಲ. ಧರ್ಮಶಾಸ್ತ್ರಕಾರರು ಇದಕ್ಕೆ ಸಮಾಧಾನ ಹೇಳಿದ್ದಾರೆ, ಅರ್ಪಿಸಿದ ಅನ್ನ ಪಿತೃವು ಎಲ್ಲಿ ಹುಟ್ಟಿದ್ದರೂ ಅಲ್ಲಿಗೆ ತಕ್ಕ ಆಹಾರವಾಗಿ ಮುಟ್ಟುತ್ತದೆಂದು. ಎರಡು ಪ್ರತ್ಯೇಕ ಕಲ್ಪನೆಗಳನ್ನು ಹೊಲಿದ ಗುರುತು ಈ ಸಮಾಧಾನದಲ್ಲಿಯೇ ಕಾಣುತ್ತದೆ.

ಜೈನ ದರ್ಶನ ಇಲ್ಲಿ ಯಾವ ರಾಜಿಯನ್ನೂ ಮಾಡಿಕೊಳ್ಳಲಿಲ್ಲ. ಜೀವವು ತಾನಿರುವ ದೇಹದಷ್ಟೇ ಗಾತ್ರದ್ದು. ಕರ್ಮವು ಅದಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ಪುದ್ಗಲ, ಎಂದರೆ ಜಡದ್ರವ್ಯ. ಸಾವಿನ ನಂತರ ಆ ಕರ್ಮದಿಂದಲೇ ಆದ ಕಾರ್ಮಣ ಶರೀರದೊಡನೆ ಜೀವವು ಹೊಸ ಜನ್ಮಸ್ಥಾನಕ್ಕೆ ಧಾವಿಸುತ್ತದೆ. ಅದು ಎಷ್ಟು ಬಾಗಿ ಸಾಗಿದರೂ ಆ ಗತಿ ನಾಲ್ಕು ಸಮಯಗಳೊಳಗಿನದು ಎನ್ನುತ್ತದೆ ತತ್ತ್ವಾರ್ಥಸೂತ್ರ. ಸಮಯವೆಂದರೆ ಮತ್ತೆ ಭಾಗಿಸಲಾಗದ ಕಾಲಾಣು. ಕಣ್ಣೆವೆಯಿಕ್ಕುವಷ್ಟರಲ್ಲಿ ಅಂಥವು ಎಣಿಕೆಗೆ ಸಿಗದಷ್ಟು ಕಳೆದುಹೋಗುತ್ತವೆ. ಹೀಗಿರುವಾಗ ಪಿಂಡವನ್ನು ಯಾರಿಗೆ ಕೊಡುವುದು? ಜೈನಾಚಾರ್ಯರು ಶ್ರಾದ್ಧವನ್ನು ಖಂಡಿಸಿದ್ದಕ್ಕೆ ವೈದಿಕ ವಿರೋಧ ಮಾತ್ರ ಕಾರಣವಲ್ಲ, ಅವರ ಕಾಲಗಣನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸತ್ತ ಮೇಲೆ ಮಾಡುವುದೇನೂ ಉಳಿಯದಿದ್ದರೆ ಸಾಯುವ ಮೊದಲೇ ಎಲ್ಲವನ್ನೂ ಮಾಡಬೇಕು, ಅದೂ ಸಾಯುವವರೇ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಕ್ರಿ.ಶ. 7ನೆಯ ಶತಮಾನದ ಸುಮಾರಿನಿಂದ ಕೆತ್ತಲಾದ ಸಮಾಧಿಮರಣದ ಶಾಸನಗಳನ್ನು ಈ ತರ್ಕದ ಬೆಳಕಿನಲ್ಲಿ ಓದಬೇಕು. ಅವು ಬದುಕಿರುವವರು ಸತ್ತವರಿಗೆ ಸಲ್ಲಿಸಿದ ತರ್ಪಣದ ದಾಖಲೆಗಳಲ್ಲ. ಆಹಾರವನ್ನು ತೊರೆದು, ಎಚ್ಚರದಲ್ಲಿದ್ದು ದೇಹ ಬಿಟ್ಟ ಮುನಿಗಳೂ ಕಂತಿಯರೆಂಬ ಸನ್ಯಾಸಿನಿಯರೂ ಸಾಧಿಸಿದ್ದರ ದಾಖಲೆಗಳು.

ನನ್ನ ವಾದಕ್ಕೆ ಬೌದ್ಧರಿಂದ ನಿಜವಾದ ತೊಡಕು ಎದುರಾಗುತ್ತದೆ. ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದಾಗ ಏನೂ ದಾಟಿಹೋಗುವುದಿಲ್ಲವೆಂದು ತೋರಿಸುತ್ತಾನೆ. ಮಾವಿನ ಹಣ್ಣು ಕದ್ದವನು, ನೆಟ್ಟ ಬೀಜವೂ ಕದ್ದ ಹಣ್ಣೂ ಬೇರೆ ಎಂದು ವಾದಿಸಿ ಶಿಕ್ಷೆಯಿಂದ ತಪ್ಪಿಸಿಕೊಳ್ಳಲಾರನು ಎಂದೂ ಹೇಳುತ್ತಾನೆ. ಆತ್ಮವಿಲ್ಲದೆಯೂ ಹೊಣೆ ಮುಂದುವರಿಯುತ್ತದೆ. ಆದರೆ ಅವಧಿಯ ವಿಷಯದಲ್ಲಿ ಬೌದ್ಧರಲ್ಲೇ ಒಡಕಿದೆ. ಥೇರವಾದದ ಕಥಾವತ್ಥು ಗ್ರಂಥ ಸಾವಿಗೂ ಮರುಹುಟ್ಟಿಗೂ ನಡುವಿನ ಸ್ಥಿತಿಯಾದ ಅಂತರಾಭವವನ್ನು ನಿರಾಕರಿಸಿತು. ಸರ್ವಾಸ್ತಿವಾದಿಗಳೆಂಬ ಇನ್ನೊಂದು ಬೌದ್ಧ ಪಂಥದವರು ಒಪ್ಪಿದರು, ವಸುಬಂಧು ತನ್ನ ಅಭಿಧರ್ಮಕೋಶದಲ್ಲಿ ಅದನ್ನು ಸಮರ್ಥಿಸಿದನು. ಟಿಬೆಟ್ಟಿನಲ್ಲಿ ಅದೇ 49 ದಿನಗಳ ಬಾರ್ದೊ ಆಗಿ ಬೆಳೆಯಿತು. ಅಲ್ಲಿ ಲಾಮಾ ಸತ್ತವನಿಗೆ ದಾರಿ ಹೇಳುತ್ತ ಓದುತ್ತಾನೆ. ಅವಧಿಯನ್ನು ಒಪ್ಪದ ಥೇರವಾದಿಗಳಲ್ಲಿಯೂ ಸತ್ತವರ ಹೆಸರಿನಲ್ಲಿ ದಾನ ಮಾಡಿ ಪುಣ್ಯ ಹಂಚುವ ಪದ್ಧತಿ ಉಂಟು. ಪ್ರೇತತ್ವವನ್ನೇ ಅವರು ಒಂದು ಜನ್ಮವೆಂದು ಎಣಿಸಿ, ಪರರು ಕೊಟ್ಟದ್ದರಿಂದ ಜೀವಿಸುವ ಪ್ರೇತಗಳಿಗೆ ಮಾತ್ರ ಆ ಪುಣ್ಯ ಸಲ್ಲುತ್ತದೆಂದು ಕಟ್ಟುಹಾಕಿದರು. ಬಾಗಿಲಿನಿಂದ ಹೊರಹಾಕಿದ ಅವಧಿ ಕಿಟಕಿಯಿಂದ ಒಳಬಂದಿದೆ ಎಂದೇ ನನಗೆ ತೋರುತ್ತದೆ.

ಒಂದೇ ಜನ್ಮವನ್ನು ಒಪ್ಪುವ ಪರಂಪರೆಗಳಲ್ಲಿ ಅವಧಿ ಅತಿ ದೀರ್ಘವಾದದ್ದು, ಏಕೆಂದರೆ ಅಂತಿಮ ನ್ಯಾಯವು ಕಾಲದ ಕೊನೆಗೆ ಬರುತ್ತದೆ. ಸತ್ತವರು ದೇಹಸಹಿತ ಮತ್ತೆ ಏಳುವ ಪುನರುತ್ಥಾನವನ್ನು ಯೆಹೂದಿಗಳಲ್ಲಿ ಸದ್ದುಕಾಯರೆಂಬ ಪಂಗಡದವರು ಅಲ್ಲಗಳೆದರು, ಫರಿಸಾಯರೆಂಬ ಪಂಗಡದವರು ಒಪ್ಪಿದರು. ಉಳಿದದ್ದು ಫರಿಸಾಯರ ಮತ. ದುಷ್ಟರ ಶಿಕ್ಷೆ ಗೆಹಿನ್ನೋಮ್ ಎಂಬ ನರಕದಲ್ಲಿ ಹನ್ನೆರಡು ತಿಂಗಳೆಂದು ಯೆಹೂದಿ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾ ಹೇಳುವುದರಿಂದ, ತಂದೆತಾಯಿಗಳನ್ನು ದುಷ್ಟರೆಂದು ಎಣಿಸಿದಂತಾಗಬಾರದೆಂದು ಮಕ್ಕಳು ಹನ್ನೊಂದೇ ತಿಂಗಳು ಕದ್ದಿಶ್ ಪ್ರಾರ್ಥನೆ ಹೇಳುವ ಯೆಹೂದಿ ರೂಢಿ, ಲೆಕ್ಕಾಚಾರದ ಸೂಕ್ಷ್ಮತೆಯಲ್ಲಿ ನಮ್ಮ ಮಾಸಿಕ ಶ್ರಾದ್ಧಗಳಿಗೆ ಕಡಿಮೆಯಿಲ್ಲ.

ಕ್ರೈಸ್ತರಲ್ಲಿ ಗ್ರೀಕರ ಅಮರ ಆತ್ಮವೂ ಯೆಹೂದಿಗಳ ದೇಹದ ಪುನರುತ್ಥಾನವೂ ಕೂಡಿಕೊಂಡವು. ದೇಹ ಏಳುವವರೆಗೆ ಆತ್ಮ ಏನು ಮಾಡುತ್ತಿರುತ್ತದೆ? ನೀತಿವಂತರ ಆತ್ಮಗಳಿಗೂ ಅಂತಿಮ ತೀರ್ಪಿನವರೆಗೆ ದೇವರ ಪೂರ್ಣ ದರ್ಶನವಿಲ್ಲವೆಂದು 22ನೆಯ ಜಾನ್ ಪೋಪ್ 1331ರಿಂದ ಅವಿನ್ಯೋನಿನಲ್ಲಿ ಉಪದೇಶಿಸಿ ಕೋಲಾಹಲವೆಬ್ಬಿಸಿದನು, 1334ರಲ್ಲಿ ಮರಣಶಯ್ಯೆಯಲ್ಲಿ ಹಿಂತೆಗೆದುಕೊಂಡನು. ಶುದ್ಧವಾದ ಆತ್ಮಗಳು ಆಗಲೇ ದೇವರನ್ನು ಕಾಣುತ್ತವೆಂದು ಅವನ ಉತ್ತರಾಧಿಕಾರಿ 12ನೆಯ ಬೆನೆಡಿಕ್ಟ್ 1336ರಲ್ಲಿ ವಿಧಿಸಿದನು. ಶುದ್ಧವಾಗದ ಆತ್ಮಗಳಿಗೆ ಶುದ್ಧೀಕರಣ ಸ್ಥಳವಿತ್ತು, ಅವುಗಳಿಗಾಗಿ ಪ್ರಾರ್ಥನೆ, ಬಲಿಪೂಜೆ, ಕೊನೆಗೆ ಹಣಕ್ಕೆ ಸಿಗುವ ಪಾಪವಿಮೋಚನಾ ಪತ್ರವೂ ಬಂದವು. 1517ರಲ್ಲಿ ಲೂಥರ್ ಆರಂಭಿಸಿದ ವಿವಾದ ಈ ಮಾರಾಟದ ಮೇಲೆಯೇ. ಪ್ರೊಟೆಸ್ಟೆಂಟರು ಶುದ್ಧೀಕರಣ ಸ್ಥಳವನ್ನು ಕೈಬಿಟ್ಟಾಗ ಸತ್ತವರಿಗಾಗಿ ಮಾಡುವ ಕೆಲಸವೂ ಹೆಚ್ಚುಕಡಿಮೆ ನಿಂತಿತು, ಆತ್ಮದ ಕಲ್ಪನೆ ಮಾತ್ರ ಬದಲಾಗಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಸಿಕ್ಕಿಲ್ಲ.

ಕುರ್‌ಆನ್ ಸತ್ತವರ ಹಿಂದೆ ಬರ್ಝಖ್ ಎಂಬ ತಡೆ ಪುನರುತ್ಥಾನದ ದಿನದವರೆಗೆ ಇರುತ್ತದೆ ಎನ್ನುತ್ತದೆ (23:100). ರೂಹ್, ಅಂದರೆ ಆತ್ಮದ ಬಗ್ಗೆ ಕೇಳಿದವರಿಗೆ ನಿಮಗೆ ಕೊಟ್ಟಿರುವ ಅರಿವು ಅಲ್ಪವೆಂದು ಮಾತು ಮುಗಿಸುತ್ತದೆ (17:85). ಗೋರಿಯಲ್ಲಿ ಮುನ್ಕರ್, ನಕೀರ್ ಎಂಬ ದೇವದೂತರ ವಿಚಾರಣೆ ಹದೀಸಿನ ಪರಂಪರೆಯದು. ಆತ್ಮಕ್ಕೆ ಮಾತ್ರ ಮರುಬಾಳು ಎಂದ ತತ್ತ್ವಜ್ಞಾನಿಗಳನ್ನು ಗಝಾಲಿ 11ನೆಯ ಶತಮಾನದ ಕೊನೆಯಲ್ಲಿ ಧರ್ಮಬಾಹಿರರೆಂದು ಕರೆದನು. ಅವನಿಗೆ ದೇಹವಿಲ್ಲದ ಕಿಯಾಮತ್, ಅಂದರೆ ಪುನರುತ್ಥಾನ, ಕಿಯಾಮತ್ತೇ ಅಲ್ಲ.

ಗತಿಯೇ ಇಲ್ಲದವನೊಬ್ಬ ಉಳಿಯುತ್ತಾನೆ. ಜ್ಞಾನಿಯ ಪ್ರಾಣಗಳು ಎಲ್ಲಿಗೂ ಹೊರಟುಹೋಗುವುದಿಲ್ಲ, ಅವನು ಬ್ರಹ್ಮವೇ ಆಗಿ ಬ್ರಹ್ಮವನ್ನು ಸೇರುತ್ತಾನೆ ಎಂಬ ಬೃಹದಾರಣ್ಯಕದ ಮಾತನ್ನು ಶಂಕರರು ಅಕ್ಷರಶಃ ಹಿಡಿದು, ಪಯಣದ ವರ್ಣನೆಗಳನ್ನೆಲ್ಲ ಸಗುಣೋಪಾಸಕರಿಗೆ ಬಿಟ್ಟರು. ವಿಮುಕ್ತನು ಎಲ್ಲಿ ಹುಟ್ಟುತ್ತಾನೆಂದು ವಚ್ಛಗೋತ್ತ ಕೇಳಿದಾಗ ಬುದ್ಧನು ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತೆಂದು ತಿರುಗಿ ಕೇಳಿದನು. ಮಧ್ವಾಚಾರ್ಯರು ಇಬ್ಬರಿಗೂ ಒಪ್ಪಲಾರರು: ಅವರಲ್ಲಿ ಮುಕ್ತಿಯಲ್ಲಿಯೂ ಜೀವರು ಬೇರೆಬೇರೆಯಾಗಿಯೇ ಉಳಿಯುತ್ತಾರೆ, ಆನಂದದಲ್ಲಿ ತಾರತಮ್ಯವಿದೆ, ಸ್ವಭಾವದಿಂದಲೇ ಅಂಧತಮಸ್ಸಿಗೆ ತಕ್ಕವರಾದ ತಮೋಯೋಗ್ಯರಿಗೆ ಬಿಡುಗಡೆಯೇ ಇಲ್ಲ. ಹಾಗಾಗಿ ಉಡುಪಿಯ ಈ ಸಿದ್ಧಾಂತ, ಪುನರ್ಜನ್ಮವನ್ನು ಪೂರ್ತಿ ಒಪ್ಪಿಯೂ, ಕೊನೆಯ ಗತಿಯ ಮಟ್ಟಿಗೆ ಶೃಂಗೇರಿಗಿಂತ ನಿತ್ಯನರಕವನ್ನು ನಂಬುವ ಮತಗಳಿಗೆ ಹತ್ತಿರವಾಗಿ ಕಾಣುತ್ತದೆ.