ಯಾರ ಜೊತೆ ಯಾವ ಮಾತು? ಮನೆಮಾತಿನ ನಕ್ಷೆ ಆಟ

ಪಾಂಡವಪುರ ತಾಲ್ಲೂಕಿನ ನಮ್ಮ ಟೆಂಟ್ ಶಾಲೆಯಲ್ಲಿ ಆಟ ಆಡಿಸುವ ಮಿಸ್, ಮೇಷ್ಟ್ರು ಮತ್ತು ಕಾಲೇಜಿನಿಂದ ಬರುವ ಸ್ವಯಂಸೇವಕರಿಗೆ

ಆಲೆಮನೆ ಕೆಲಸಕ್ಕೆ, ಕಬ್ಬು ಕಡಿಯೋಕೆ, ಇಟ್ಟಿಗೆ ಗೂಡಿಗೆ ಬಂದವರ ಮಕ್ಕಳು ನಮ್ಮವರು. ಆರು ವರ್ಷದಿಂದ ಹನ್ನೆರಡರವರೆಗೆ, ಎಲ್ಲ ಒಂದೇ ಟೆಂಟಿನಲ್ಲಿ. ಹಾಜರಿ ಪುಸ್ತಕದಲ್ಲಿ 'ಮಾತೃಭಾಷೆ' ಅನ್ನುವ ಕಾಲಂ ಒಂದೇ ಇದೆ. ಅದರಲ್ಲಿ ಅರ್ಧಕ್ಕರ್ಧ ಮಕ್ಕಳ ಎದುರು 'ಹಿಂದಿ' ಎಂದು ಬರೆದುಬಿಟ್ಟಿರುತ್ತೇವೆ. ಆ ಕಾಲಂ ತುಂಬಿಸಿದವರು ನಾವು, ಮಕ್ಕಳಲ್ಲ. ಈ ಆಟದಲ್ಲಿ ತುಂಬಿಸುವವರು ಮಕ್ಕಳು, ಅದೂ ಒಂದು ಕಾಲಂ ಅಲ್ಲ, ಐದು.

ಬೇಕಾಗುವುದು: ಹಳೇ ಕ್ಯಾಲೆಂಡರ್ ಹಾಳೆ (ಹಿಂಬದಿ ಖಾಲಿ ಇರಲಿ), ಬಣ್ಣದ ಕ್ರೇಯಾನ್, ಹಳೇ ಸೀರೆ ಹರಿದು ಮಾಡಿದ ಬೆರಳಗಲದ ಪಟ್ಟಿಗಳು, ರಂಗೋಲಿ ಪುಡಿ, ಹತ್ತಿಪ್ಪತ್ತು ಕಲ್ಲು. ಸಮಯ ಒಂದೂವರೆ ಗಂಟೆ. ಊಟದ ನಂತರ ಬೇಡ, ನಿದ್ದೆ ಬರುತ್ತೆ. ಬೆಳಗ್ಗೆಯೇ ಆಡಿಸಿ.

ಮೊದಲ ಸುತ್ತು: ಐದು ಬೆರಳು

ಪ್ರತಿ ಮಗುವೂ ತನ್ನ ಎಡಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲಿ. ಚಿಕ್ಕವರಿಗೆ ದೊಡ್ಡವರು ಹಿಡಿದುಕೊಡಲಿ. ಆಮೇಲೆ ನೀವು ಒಂದೊಂದಾಗಿ ಕೇಳಿ, ನಿಧಾನಕ್ಕೆ, ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಅದೂ ತಲುಪದ ಮಗುವಿಗೆ ಪಕ್ಕದ ಮಗು ಹೇಳಲಿ.

"ಹೆಬ್ಬೆರಳು: ನಿಂಗೆ ಊಟ ಹಾಕೋರ ಜೊತೆ ಯಾವ ಮಾತು ಆಡ್ತೀಯಾ?"
"ತೋರುಬೆರಳು: ಆಟ ಆಡುವಾಗ?"
"ನಡುಬೆರಳು: ಜಗಳ ಆಡುವಾಗ?"
"ಉಂಗುರ ಬೆರಳು: ಊರಿಗೆ ಫೋನ್ ಮಾಡಿದಾಗ, ಅಜ್ಜಿ ಜೊತೆ?"
"ಕಿರುಬೆರಳು: ಒಬ್ಬನೇ ಇದ್ದಾಗ, ಒಬ್ಬಳೇ ಇದ್ದಾಗ ಎಣಿಸೋದು, ಗುನುಗೋದು?"

ಒಂದು ಮಾತಿಗೆ ಒಂದು ಬಣ್ಣ. ಯಾವ ಮಾತಿಗೆ ಯಾವ ಬಣ್ಣ ಅನ್ನುವುದನ್ನು ಮಕ್ಕಳೇ ತೀರ್ಮಾನಿಸಿ, ಬೋರ್ಡಿನ ಮೇಲೆ ಬಣ್ಣದ ಚುಕ್ಕೆಯ ಪಕ್ಕ ಹೆಸರು ಬರೆಯಲಿ. ಒಂದೇ ಬೆರಳಿಗೆ ಎರಡು ಬಣ್ಣ ಬಂದರೂ ಸರಿ. ಅಪ್ಪನ ಜೊತೆ ತೆಲುಗು, ಅವ್ವನ ಜೊತೆ ಲಂಬಾಣಿ, ಆಲೆಮನೆ ಹುಡುಗರ ಜೊತೆ ಹಿಂದಿ, ನಿಮ್ಮ ಜೊತೆ ಮಂಡ್ಯದ ಕನ್ನಡ ಆಡುವ ಒಂಬತ್ತರ ಹುಡುಗಿ ನಮ್ಮಲ್ಲಿ ಅಪರೂಪವೇನಲ್ಲ. ಅವಳ ಕೈ ನಾಲ್ಕು ಬಣ್ಣವಾಗುತ್ತೆ. ಒಂದೇ ಬಣ್ಣದ ಕೈ ಇರುವವರು ಬಹುಶಃ ನೀವೇ, ಟೀಚರ್. ನಿಮ್ಮ ಕೈಯನ್ನೂ ಬರೆಯಿರಿ, ಮಕ್ಕಳು ನೋಡಲಿ.

ಇಲ್ಲೊಂದು ಕಡೆ ಹುಷಾರಾಗಿರಬೇಕು. ಬಿಹಾರದ ಮಗು "ಹಿಂದಿ" ಅಂದೇ ಶುರುಮಾಡುತ್ತೆ, ಯಾಕೆಂದರೆ ದೊಡ್ಡವರು ಕೇಳಿದಾಗ ಹಾಗೆ ಹೇಳಬೇಕು ಅಂತ ಅದಕ್ಕೆ ಅಭ್ಯಾಸವಾಗಿದೆ. ತಿದ್ದಬೇಡಿ. "ಹಂಗಾದ್ರೆ ಅಮ್ಮ ಬೈಯುವಾಗ ಹೆಂಗೆ ಬೈತಾಳೆ, ಅಂದು ತೋರ್ಸು" ಅನ್ನಿ. ಭೋಜಪುರಿಯೋ ಮೈಥಿಲಿಯೋ ತಾನಾಗಿ ಹೊರಗೆ ಬರುತ್ತೆ, ಇಡೀ ಟೆಂಟು ನಗುತ್ತೆ. ಆಗಲೂ ಅದು ಹಿಂದಿಯೇ ಅಂದರೆ ಹಿಂದಿಯೇ. ಮಗು ಹೇಳಿದ್ದೇ ಕೊನೆ.

ಬಳ್ಳಾರಿ, ರಾಯಚೂರು ಕಡೆಯ ಮಕ್ಕಳು "ನಮ್ದು ಬ್ಯಾರೆ ಕನ್ನಡ ರೀ" ಅಂದರೆ ಅದಕ್ಕೆ ಬೇರೆ ಬಣ್ಣ ಕೊಡಿ. ಊರಿನ ಮಕ್ಕಳು ಒಪ್ಪಲ್ಲ, "ಕನ್ನಡ ಅಂದ್ಮೇಲೆ ಒಂದೇಯಾ ಮಿಸ್" ಅಂತಾರೆ. ಇಬ್ಬರನ್ನೂ ನಿಲ್ಲಿಸಿ, 'ಇಲ್ಲಿಗೆ ಬಾ' ಅಂತ ಕರೆಯೋಕೆ ಹೇಳಿ. ಒಬ್ಬ "ಬಾರ್ಲಾ ಇಲ್ಲಿ" ಅಂತಾನೆ, ಇನ್ನೊಬ್ಬ "ಬಾರಲೇ ಇಲ್ಲೆ" ಅಂತಾನೆ. ಬಣ್ಣ ಒಂದೋ ಎರಡೋ ಅನ್ನುವುದನ್ನು ಅವರೇ ಜಗಳವಾಡಿ ಬಗೆಹರಿಸಿಕೊಳ್ಳಲಿ.

ಕಿವಿ ಕೇಳದ ಮಗು ಇದ್ದರೆ ಅದು ಮನೆಯಲ್ಲಿ ಮಾಡುವ ಸನ್ನೆಗೂ ಒಂದು ಬಣ್ಣ.

ಎರಡನೇ ಸುತ್ತು: ನೆಲದ ಮೇಲೆ ನಕ್ಷೆ

ಟೆಂಟಿನ ಮುಂದಿನ ಬಯಲಲ್ಲಿ ನಡುವೆ ಒಂದು ಕಲ್ಲಿಡಿ. ಅದು ನಮ್ಮ ಶಾಲೆ. ಮೇಲುಕೋಟೆ ರಸ್ತೆ ಹೋಗುವ ಕಡೆ ಉತ್ತರ, ಸೂರ್ಯ ಹುಟ್ಟುವ ಕಡೆ ಮಂಡ್ಯ. ಗಡಿ ಬರೆಯಬೇಡಿ. ರಾಜ್ಯದ ಗೆರೆ, ದೇಶದ ಗೆರೆ ಯಾವುದೂ ಬೇಡ. ರೈಲು ಹಳಿ ಮಾತ್ರ ಬರೆಯಿರಿ. ನಕ್ಷೆ ಓದಲು ಬಾರದ ಮಕ್ಕಳಿಗೂ ರೈಲು ಗೊತ್ತು: ಬಳ್ಳಾರಿ ಮೇಲೆ ಬರುವ ಹಂಪಿ ಎಕ್ಸ್‌ಪ್ರೆಸ್, ದರ್ಭಂಗಾದಿಂದ ಮೈಸೂರಿಗೆ ಬರುವ ಬಾಗ್ಮತಿ, ಹೌರಾ ಕಡೆಯಿಂದ ಒಡಿಶಾ ದಾಟಿ ಬರುವ ಗಾಡಿ. ಎಷ್ಟು ರಾತ್ರಿ ರೈಲಲ್ಲಿ ಮಲಗಿದಿರಿ ಅಂತ ಕೇಳಿ. ಒಂದು ರಾತ್ರಿಗೆ ಒಂದು ಹೆಜ್ಜೆ ಅಂತ ಲೆಕ್ಕ. ರಂಗೋಲಿ ಪುಡಿಯಲ್ಲಿ ಹಳಿ ಎಳೆದಂತೆ ಮಕ್ಕಳು ಹೆಜ್ಜೆ ಹಾಕಿಕೊಂಡು ಹೋಗಿ, ತಮ್ಮ ಊರಿನ ಕಡೆ ತಮ್ಮ ಕೈ ಹಾಳೆ ಇಟ್ಟು, ಮೇಲೆ ಕಲ್ಲಿಡಲಿ. ಲಾರಿಯಲ್ಲಿ ಬಂದವರು ಲಾರಿ ದಾರಿ ಬರೆದುಕೊಳ್ಳಲಿ.

ಊರಿನ ಹೆಸರು ಹೇಳು ಅಂತ ಒತ್ತಾಯ ಮಾಡಬೇಡಿ, ಜಾತಿ ಸುಳಿಯುವ ಪ್ರಶ್ನೆ ಬೇಡವೇ ಬೇಡ, ಆಧಾರ್ ಕಾರ್ಡಿನ ಮಾತು ಎತ್ತಲೇಬೇಡಿ. ಬಂಗಾಳಿ ಆಡುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರ ಅಪ್ಪಂದಿರನ್ನು ಎಲ್ಲೆಲ್ಲೋ ಯಾರ್‍ಯಾರೋ ನಿಲ್ಲಿಸಿ "ನೀನು ಯಾವ ದೇಶದವನು" ಅಂತ ಕೇಳಿರುತ್ತಾರೆ, ಮಕ್ಕಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರುತ್ತಾರೆ. ಅದೇ ಪ್ರಶ್ನೆಯ ವಾಸನೆ ಆಟಕ್ಕೆ ಬಂತೆಂದರೆ ಆ ಮಗು ಅವತ್ತು ಬಾಯಿ ಬಿಡಲ್ಲ. ಗಡಿ ಬರೆಯದೆ ಇರುವುದು ಇದಕ್ಕೇ. ಹಾಳೆಯನ್ನು ಶಾಲೆಯ ಕಲ್ಲಿನ ಪಕ್ಕದಲ್ಲೇ ಇಡುತ್ತೇನೆ ಅಂದ ಮಗುವಿಗೆ ಹಾಗೇ ಇಡಲು ಬಿಡಿ. ಇಲ್ಲೇ ಹುಟ್ಟಿದ ಮಕ್ಕಳೂ ಇದ್ದಾರೆ.

ಮೂರನೇ ಸುತ್ತು: ಗಂಟು

ಇದು ಓಡುವ ಆಟ. ಪ್ರತಿಯೊಬ್ಬರೂ ತಮ್ಮ ಹಾಳೆಯ ಪಕ್ಕ ನಿಲ್ಲಲಿ, ಕೈಯಲ್ಲಿ ಸೀರೆ ಪಟ್ಟಿ. ನೀವು ಒಂದು ವಸ್ತು ಎತ್ತಿ ತೋರಿಸಿ. ಮಾತು ಬೇಡ, ವಸ್ತು ಮಾತ್ರ. ಎಲ್ಲರೂ ತಮ್ಮ ಮನೆಯಲ್ಲಿ ಅದಕ್ಕೆ ಏನಂತಾರೋ ಅದನ್ನು ಕೂಗಬೇಕು. ತಮ್ಮದರಂತೆ ಕೇಳಿಸಿದವರನ್ನು ಹುಡುಕಿಕೊಂಡು ಓಡಿಹೋಗಿ ಪಟ್ಟಿಗೆ ಪಟ್ಟಿ ಗಂಟು ಹಾಕಬೇಕು. ಸರಿಯಾಗಿ ಒಂದೇ ಆಗಿರಬೇಕಿಲ್ಲ, ಕಿವಿಗೆ ಹತ್ತಿರ ಬಂದರೆ ಸಾಕು.

ಉಪ್ಪಿನಿಂದ ಶುರುಮಾಡಿ. ಕನ್ನಡ, ತೆಲುಗು, ತಮಿಳಿನವರು "ಉಪ್ಪು" ಅಂತ ಒಂದು ಕಡೆ ಗುಂಪಾಗುತ್ತಾರೆ. ಒಡಿಯಾದ "ಲುಣ", ಭೋಜಪುರಿಯ "ನೂನ್", ಬಂಗಾಳಿಯ "ನುನ್" ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಸಂತಾಲಿಯ ಮಗು "ಬುಲುಂಗ್" ಅಂತ ಕೂಗಿ ಒಂಟಿಯಾಗಿ ನಿಲ್ಲುತ್ತೆ. ಒಂಟಿಯಾದ ಮಾತಿಗೆ ಈ ಆಟದಲ್ಲಿ ಅಧಿಕಾರ ಜಾಸ್ತಿ: ಆ ಮಗು ಹೇಳಿಕೊಟ್ಟಂತೆ ಎಲ್ಲರೂ ಮೂರು ಸಲ ಕೂಗಿ, ಎಲ್ಲರೂ ಅದರ ಪಟ್ಟಿಗೇ ಗಂಟು ಹಾಕಬೇಕು. ನೀವೂ ಕೂಗಬೇಕು, ತಪ್ಪಿದರೆ ಮತ್ತೆ.

ನೀರಿನ ಲೋಟ ತೋರಿಸಿದಾಗ ಹಿಂದಿ, ಮರಾಠಿ, ಲಂಬಾಣಿ, ಒಡಿಯಾ ಎಲ್ಲ ಪಾನಿ-ಪಾಣಿಯಲ್ಲಿ ಸೇರಿ ದೊಡ್ಡ ಗಂಟಾಗುತ್ತೆ. ಸಂತಾಲಿಯಲ್ಲಿ ಅದು "ದಾಕ್", ಕೊನೆಯ ಕ್ ಗಂಟಲಲ್ಲೇ ನಿಂತುಬಿಡುತ್ತೆ. ಆಮೇಲೆ ಅನ್ನದ ತಟ್ಟೆ ತೋರಿಸಿದರೆ ಅದೇ ಮಗು "ದಾಕಾ" ಅನ್ನುತ್ತೆ. ಊರಿನ ಹುಡುಗರು "ಏ, ಆಗ್ಲೇ ಹೇಳ್ದಲ್ಲೋ" ಅಂತ ಗಲಾಟೆ ಎಬ್ಬಿಸುತ್ತಾರೆ. ಎರಡನ್ನೂ ಬೇರೆ ಮಾಡಿ ಕಿವಿಗೆ ಹಾಕಿಕೊಳ್ಳುವುದೇ ಆಗ ಹೊಸ ಆಟ, ಅದಕ್ಕೆ ಐದು ನಿಮಿಷ ಕೊಡಿ.

ಕಬ್ಬಿನ ಜಲ್ಲೆಯನ್ನು ಕೊನೆಗಿಟ್ಟುಕೊಳ್ಳಿ. ಅದು ಅವರ ಮನೆಯ ದುಡಿಮೆ, ಎಲ್ಲರ ಬಾಯಲ್ಲೂ ಇರುವ ವಸ್ತು. ಕಬ್ಬು, ಕರುಂಬು, ಚೆರುಕು, ಊಖ್, ಆಖು, ಊಸ್. ಗಂಟು ಹಾಕಿ ಮುಗಿದ ಮೇಲೆ ಜಲ್ಲೆಯನ್ನು ತುಂಡು ಮಾಡಿ ಹಂಚಿಬಿಡಿ.

ಇಷ್ಟೂ ಮಾತುಗಳನ್ನು ನಿಮಗೆ ತಯಾರಿಗೆಂದು ಕೊಟ್ಟಿರುವುದು, ಮಕ್ಕಳ ಉತ್ತರ ತಿದ್ದಲು ಅಲ್ಲ. ಅವರ ಮನೆಯಲ್ಲಿ ಬೇರೆ ಅಂದರೆ ಬೇರೆಯೇ. ಅಂಕ ಇಲ್ಲ, ಗೆದ್ದವರು ಸೋತವರು ಇಲ್ಲ. ಗಂಟೆ ಹೊಡೆಯುವುದರೊಳಗೆ ಒಂದು ಪಟ್ಟಿಯೂ ಬಿಡಿಯಾಗಿ ಉಳಿಯದಂತೆ ಎಲ್ಲವೂ ಸೇರಬೇಕು, ಅಷ್ಟೇ ಗುರಿ.

ಮಕ್ಕಳು ಕೇಳುವ ಪ್ರಶ್ನೆಗಳು

"ನಮ್ ಮಾತಿಗೆ ಅಕ್ಷರ ಇಲ್ಲ ಮಿಸ್, ಅದು ಭಾಷೆನಾ?" ಲಂಬಾಣಿ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಹೀಗೆ ಹೇಳಿ: "ಅಕ್ಷರ ಆಮೇಲೆ ಬರುತ್ತೆ ಕಂದ, ಮಾತು ಮೊದಲೇ ಇರುತ್ತೆ. ಸಂತಾಲಿಗೆ ಓಲ್ ಚಿಕಿ ಅನ್ನೋ ಅಕ್ಷರಗಳನ್ನ 1925ರಲ್ಲಿ ಪಂಡಿತ್ ರಘುನಾಥ ಮುರ್ಮು ಮಾಡಿದ್ರು. ಅದಕ್ಕೂ ಮುಂಚೆ ಜನ ಸಂತಾಲಿ ಆಡ್ತಾನೇ ಇದ್ರು. ನಿನ್ನ ಲಂಬಾಣಿನ ಇವತ್ತು ಕನ್ನಡ ಅಕ್ಷರದಲ್ಲಿ ಬರಿಯೋಣ, ಯಾಡಿ ಅಂತ ಬರಿ." ಯಾಡಿ ಅಂದರೆ ಅಮ್ಮ. ಮೊದಲು ಬರೆಯಿಸುವುದು ಅದನ್ನೇ ಆಗಿರಲಿ.

"ಸರ್ಕಾರಕ್ಕೆ ನಮ್ ಮಾತು ಗೊತ್ತಾ?" ದೊಡ್ಡ ಮಕ್ಕಳು ಕೇಳಿದರೆ ಮುಚ್ಚಿಡಬೇಡಿ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಸಂತಾಲಿ, ಮೈಥಿಲಿ 2003ರ ತಿದ್ದುಪಡಿಯಲ್ಲಿ ಸೇರಿದವು. ಭೋಜಪುರಿ, ಲಂಬಾಣಿ ಅದರಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಅವೆರಡನ್ನೂ ಹಿಂದಿಯ ಕೆಳಗೆ ಸೇರಿಸಿ ಎಣಿಸಿದ್ದಾರೆ. ನಮ್ಮ ಹಾಜರಿ ಪುಸ್ತಕ ಮಾಡಿದ ಕೆಲಸವೂ ಅದೇ.

ಪೋಷಕರು ಬಂದು "ಕನ್ನಡ ಕಲಿಸಿ ಅಂದ್ರೆ ಇದೇನು ಆಟ" ಅಂದರೆ, ಕೇಳಿಸಿಕೊಳ್ಳಿ. ಅವರ ಚಿಂತೆ ನ್ಯಾಯವಾದದ್ದು. ಇಲ್ಲಿ ಬದುಕಲು ಕನ್ನಡ ಬೇಕು. ಕನ್ನಡ ಬಿಡಿಸುತ್ತಿಲ್ಲ, ಗೊತ್ತಿರುವ ಮಾತಿನ ಮೇಲೆ ನಿಲ್ಲಿಸಿ ಕನ್ನಡ ಹತ್ತಿಸುತ್ತಿದ್ದೇವೆ ಎಂದು ಹೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಿ ಅನ್ನುತ್ತೆ. ಆಮೇಲೆ ಅವರಿಗೂ ಒಂದು ಹಾಳೆ ಕೊಟ್ಟು ಕೈ ಬರೆಯಿಸಿ. ಕಾಯ್ದೆಗಿಂತ ಅದು ಬೇಗ ಒಪ್ಪಿಸುತ್ತೆ.

ಆಟ ಮುಗಿದ ಮೇಲೆ

ಹಾಳೆಗಳನ್ನು ನೆಲದ ಮೇಲಿದ್ದ ಜಾಗದಲ್ಲೇ ಟೆಂಟಿನ ಒಳಗೋಡೆಗೆ ಪಿನ್ ಮಾಡಿ. ನಡು ಸೀಸನ್ನಿನಲ್ಲಿ ಹೊಸ ಮಗು ಬಂದರೆ ಮೊದಲ ದಿನವೇ ಕೈ ಬರೆಯಿಸಿ, ಅದೇ ಬಣ್ಣದ ಬೆರಳಿರುವ ಹಳೇ ಮಗುವಿನ ಪಕ್ಕ ಕೂರಿಸಿ. ವಾರದವರೆಗೆ ಆ ಹಳೇ ಮಗುವೇ ದುಭಾಷಿ. ಗಣಿತದ ಲೆಕ್ಕ ಹೇಳುವಾಗ ಕಿರುಬೆರಳಿನ ಬಣ್ಣ ನೋಡಿ. ಮಗು ಎಣಿಸುವುದು ಆ ಮಾತಿನಲ್ಲಿ, ಹತ್ತರವರೆಗಾದರೂ ನೀವು ಅದರಲ್ಲಿ ಕಲಿತುಕೊಳ್ಳಿ. ಹಾಜರಿ ಪುಸ್ತಕದ ಆ ಒಂದು ಕಾಲಂ ಪಕ್ಕ ಐದು ಸಣ್ಣ ಮನೆ ಎಳೆದು, ಬೆರಳುಗಳ ಮಾತನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಬದಲಾಗುತ್ತಿರುತ್ತೆ.

ಆಲೆ ನಿಂತು ಕುಟುಂಬ ಹೊರಟಾಗ ಹಾಳೆಯನ್ನು ಮಗುವಿನ ಕೈಗೇ ಕೊಡಿ. ಹಿಂಬದಿಯಲ್ಲಿ ಇಲ್ಲಿ ಯಾವ ಪಾಠದವರೆಗೆ ಆಗಿದೆ ಎಂದು ಎರಡು ಸಾಲು ಬರೆದು ಸಹಿ ಹಾಕಿ, ಮುಂದಿನ ಊರಿನ ಟೀಚರ್‌ಗೆ ಬೇಕಾಗುತ್ತೆ.